ಅರ್ಧ ಗಂಟೆಗೂ 6.4, ಎರಡು ಗಂಟೆಗೂ 6.4: ಮಾತ್ರೆ ರಕ್ತದಲ್ಲಿ ಏರಿ ಇಳಿಯುವ ಲೆಕ್ಕ

ಜ್ವರ ಅಂತ ಬೆಳಿಗ್ಗೆ ಎಂಟಕ್ಕೆ 650 ಮಿಲಿಗ್ರಾಂನ ಒಂದು ಪ್ಯಾರಾಸಿಟಮಾಲ್ ಮಾತ್ರೆ ನುಂಗಿದಿರಿ ಎನ್ನಿ. ಎಂಟೂವರೆಗೆ ಒಮ್ಮೆ, ಹತ್ತಕ್ಕೆ ಇನ್ನೊಮ್ಮೆ ರಕ್ತ ತೆಗೆದು ಪರೀಕ್ಷಿಸಿದರೆ ಎರಡರಲ್ಲೂ ಔಷಧದ ಮಟ್ಟ ಹೆಚ್ಚುಕಡಿಮೆ ಒಂದೇ ಬರಬಹುದು. ಮೊದಲನೆಯ ಸಲ ಮಟ್ಟ ಏರುತ್ತಿತ್ತು, ಎರಡನೆಯ ಸಲ ಇಳಿಯುತ್ತಿತ್ತು. ಆದರೆ ಲ್ಯಾಬಿನ ಚೀಟಿಯಲ್ಲಿ ಬರುವುದು ಬರೀ ಒಂದು ಸಂಖ್ಯೆ. ಏರುತ್ತಿದೆಯೋ ಇಳಿಯುತ್ತಿದೆಯೋ ಅಂತ ಅದರಲ್ಲಿ ಬರೆದಿರುವುದಿಲ್ಲ.

ಈ ಏರಿಳಿತವನ್ನು ಒಂದೇ ಸಾಲಿನಲ್ಲಿ ಹಿಡಿಯಲು ಕಾಲೇಜಿನ ಗಣಿತ ಪುಸ್ತಕಗಳು ಬಳಸುವ ಸೂತ್ರ ಇದು:

```
C(t) = a·t / (t² + b)
```

ಇಲ್ಲಿ t ಎಂದರೆ ಮಾತ್ರೆ ನುಂಗಿ ಎಷ್ಟು ಗಂಟೆಯಾಯಿತು ಎಂಬುದು, C ಎಂದರೆ ಒಂದು ಲೀಟರ್ ರಕ್ತದ್ರವದಲ್ಲಿ ಎಷ್ಟು ಮಿಲಿಗ್ರಾಂ ಔಷಧ ಇದೆ ಎಂಬುದು. ಅಂಶದಲ್ಲಿ ಒಂದು ಬಹುಪದೋಕ್ತಿ, ಛೇದದಲ್ಲಿ ಇನ್ನೊಂದು. ಹಾಗಾಗಿ ಇದಕ್ಕೆ ರ್ಯಾಷನಲ್ ಫಂಕ್ಷನ್ ಎಂಬ ಹೆಸರು. ಎರಡು ಪೂರ್ಣಾಂಕಗಳ ಭಾಗಾಕಾರವನ್ನು ಹೈಸ್ಕೂಲಿನಲ್ಲಿ ಭಾಗಲಬ್ಧ ಸಂಖ್ಯೆ ಅಂದೆವಲ್ಲ, ಅದರ ಅಣ್ಣನಂತೆ ಇದು.

ಸೂತ್ರದ ಆಕಾರ ಎಲ್ಲಿಂದ ಬಂತು ಅಂತ ನೋಡಲು ಎರಡು ತುದಿಗಳನ್ನು ನೋಡಿದರೆ ಸಾಕು. ಮಾತ್ರೆ ನುಂಗಿದ ಹೊಸದರಲ್ಲಿ t ತೀರಾ ಚಿಕ್ಕದು, t² ಇನ್ನೂ ಚಿಕ್ಕದು, ಛೇದದಲ್ಲಿ b ಒಂದೇ ಲೆಕ್ಕಕ್ಕೆ ಬರುತ್ತದೆ. ಆಗ C ನೇರ ಗೆರೆಯಂತೆ ಏರುತ್ತದೆ. ತುಂಬಾ ಹೊತ್ತಾದ ಮೇಲೆ t² ಮುಂದೆ b ಏನೂ ಅಲ್ಲ, ಮೇಲಿನ ಒಂದು t ಕೆಳಗಿನ ಒಂದು t ಜೊತೆ ಹೋಗಿ a/t ಉಳಿಯುತ್ತದೆ. ಅದು ನಿಧಾನಕ್ಕೆ ಸೊನ್ನೆಯ ಕಡೆಗೆ ಜಾರುತ್ತದೆ, ಆದರೆ ಸೊನ್ನೆ ಮುಟ್ಟುವುದಿಲ್ಲ. ಏರುವುದು ಮುಗಿದು ಇಳಿಯುವುದು ಶುರುವಾಗುವ ಜಾಗ ಈ ಎರಡರ ನಡುವೆ ಎಲ್ಲೋ ಇರಲೇಬೇಕು.

ಆ ಜಾಗ ಹುಡುಕಲು ದ್ವಿತೀಯ ಪಿಯುಸಿಯಲ್ಲಿ ನಾವು ಕಲಿಸುವುದು ಅವಕಲನದ ದಾರಿ. ಆದರೆ ನನಗೆ ಇದಕ್ಕಿಂತ ಇಷ್ಟವಾದ ದಾರಿ ಬೇರೆ ಇದೆ, ಹತ್ತನೇ ತರಗತಿಯ ಬೀಜಗಣಿತ ಗೊತ್ತಿದ್ದರೆ ಸಾಕು. ಸೂತ್ರದ ಅಂಶ, ಛೇದ ಎರಡನ್ನೂ t ಯಿಂದ ಭಾಗಿಸಿ:

```
C = a / (t + b/t)
```

ಈಗ ಮೇಲೆ ಇರುವುದು ಬರೀ a, ಅದು ಬದಲಾಗುವುದಿಲ್ಲ. ಹಾಗಾದರೆ C ಅತಿ ಹೆಚ್ಚಾಗಬೇಕೆಂದರೆ ಕೆಳಗಿನ t + b/t ಅತಿ ಕಡಿಮೆಯಾಗಬೇಕು. ಈ ಮೊತ್ತದಲ್ಲಿ ಒಂದು ಪದ ಕಾಲದ ಜೊತೆ ಬೆಳೆಯುತ್ತದೆ, ಇನ್ನೊಂದು ಕುಗ್ಗುತ್ತದೆ. ಎರಡನ್ನೂ ಗುಣಿಸಿದರೆ ಯಾವಾಗಲೂ b. ಗುಣಲಬ್ಧ ಬದಲಾಗದ ಎರಡು ಧನ ಸಂಖ್ಯೆಗಳ ಮೊತ್ತ ಅತಿ ಕಡಿಮೆ ಆಗುವುದು ಅವೆರಡೂ ಸಮ ಆದಾಗ. ಒಂದು ಎಕರೆಯ ಆಯತಾಕಾರದ ಹೊಲಕ್ಕೆ ಬೇಲಿ ಹಾಕುವವನಿಗೆ ಹೊಲ ಚೌಕವಾಗಿದ್ದರೆ ಅತಿ ಕಡಿಮೆ ತಂತಿ ಸಾಕಾಗುವುದೂ ಇದೇ ಕಾರಣಕ್ಕೆ. t = b/t ಆದಾಗ t² = b, ಅಂದರೆ ಶಿಖರದ ಸಮಯ t = √b. ಆಗ ಛೇದ 2√b, ಶಿಖರದ ಎತ್ತರ a/(2√b). ಅವಕಲನ ಮಾಡಿದರೂ ಬರುವುದು ಇದೇ:

```
C′(t) = a(b − t²) / (t² + b)²
```

t ಯ ಬೆಲೆ √b ಗಿಂತ ಕಡಿಮೆ ಇದ್ದಾಗ ಇದು ಧನ, ಹೆಚ್ಚಿದ್ದಾಗ ಋಣ.

ನಮ್ಮ ಮಾತ್ರೆಗೆ ಇದನ್ನು ಹಾಕೋಣ. ಖಾಲಿ ಹೊಟ್ಟೆಯಲ್ಲಿ ನುಂಗಿದ ಸಾಮಾನ್ಯ ಪ್ಯಾರಾಸಿಟಮಾಲ್ ಅರ್ಧ ಗಂಟೆಯಿಂದ ಒಂದು ಗಂಟೆಯ ಆಸುಪಾಸಿನಲ್ಲಿ ಶಿಖರ ಮುಟ್ಟುತ್ತದೆ. ಲೆಕ್ಕಕ್ಕೆ ಸರಿಯಾಗಿ ಒಂದು ಗಂಟೆ ಅಂತಿಟ್ಟುಕೊಳ್ಳೋಣ, ಶಿಖರದ ಮಟ್ಟ ಲೀಟರಿಗೆ 8 ಮಿಲಿಗ್ರಾಂ ಎನ್ನೋಣ. √b = 1, ಹಾಗಾಗಿ b = 1. a/2 = 8, ಹಾಗಾಗಿ a = 16. ಸೂತ್ರ C = 16t/(t² + 1). ಅರ್ಧ ಗಂಟೆಗೆ 8/1.25, ಅಂದರೆ 6.4. ಒಂದು ಗಂಟೆಗೆ 8. ಎರಡು ಗಂಟೆಗೆ 32/5, ಮತ್ತೆ 6.4. ಮೊದಲು ಹೇಳಿದ ಎಂಟೂವರೆ ಮತ್ತು ಹತ್ತು ಗಂಟೆಯ ಚೀಟಿಗಳು ಇವೇ.

ಒಮ್ಮೆ ಈ ಲೆಕ್ಕ ಬೋರ್ಡಿನ ಮೇಲೆ ಇದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: “ಸರ್, ಎರಡು ಮಾತ್ರೆ ಒಟ್ಟಿಗೆ ನುಂಗಿದ್ರೆ ಬೇಗ ಶಿಖರಕ್ಕೆ ಹೋಗುತ್ತಾ?” ತರಗತಿ ನಕ್ಕಿತು, ಆದರೆ ಪ್ರಶ್ನೆ ಚೆನ್ನಾಗಿತ್ತು. ಉತ್ತರ ಸೂತ್ರದಲ್ಲೇ ಇದೆ. ಮಾತ್ರೆಯ ಪ್ರಮಾಣ ಹೆಚ್ಚಾದರೆ a ಹೆಚ್ಚುತ್ತದೆ. √b ಯಲ್ಲಿ a ಇಲ್ಲವೇ ಇಲ್ಲ. ಎತ್ತರ ಎರಡರಷ್ಟಾಗುತ್ತದೆ, ಸಮಯ ಅಲ್ಲೇ ಇರುತ್ತದೆ. ದೇಹದಲ್ಲೂ ಸಾಮಾನ್ಯ ಪ್ರಮಾಣಗಳಲ್ಲಿ ಇದು ನಿಜ. ಶಿಖರ ಎಂದರೆ ಮಾತ್ರೆ ಪೂರ್ತಿ ಕರಗಿ ಮುಗಿದ ಕ್ಷಣ ಅಲ್ಲ. ಕರುಳಿನಿಂದ ರಕ್ತಕ್ಕೆ ಬರುವ ವೇಗವೂ ಯಕೃತ್ತು ಅದನ್ನು ತೆಗೆದುಹಾಕುವ ವೇಗವೂ ಸರಿಸಮ ಆದ ಕ್ಷಣ ಅದು. ಪ್ರಮಾಣ ಎರಡರಷ್ಟಾದರೆ ಒಳಬರುವುದೂ ಎರಡರಷ್ಟು, ಹೊರಹೋಗುವುದೂ ಎರಡರಷ್ಟು, ಅವು ಸಮ ಆಗುವ ಕ್ಷಣ ಬದಲಾಗುವುದಿಲ್ಲ.

ಸಮಯವನ್ನು ಬದಲಿಸುವುದು ಹೊಟ್ಟೆ. ಪ್ಯಾರಾಸಿಟಮಾಲ್ ಜಠರದಲ್ಲಿ ಹೀರಿಕೆಯಾಗುವುದು ಅತ್ಯಲ್ಪ, ಸಣ್ಣ ಕರುಳಿಗೆ ಇಳಿದ ಮೇಲೇ ಅದರ ಕೆಲಸ. ಊಟ ಮಾಡಿ ನುಂಗಿದರೆ ಜಠರ ಖಾಲಿಯಾಗುವುದು ತಡ, ಶಿಖರವೂ ತಡ, ಎತ್ತರವೂ ಸ್ವಲ್ಪ ಕಡಿಮೆ. ಸೂತ್ರದಲ್ಲಿ b ಯನ್ನು 4 ಮಾಡಿದರೆ ಶಿಖರ ಎರಡನೇ ಗಂಟೆಗೆ ಹೋಗುತ್ತದೆ. ಆದರೆ ಎತ್ತರವೂ 8 ರಿಂದ 4 ಕ್ಕೆ ಕುಸಿಯುತ್ತದೆ! ತಡ ಆದ ಮಾತ್ರಕ್ಕೆ ಎತ್ತರ ಅರ್ಧಕ್ಕಿಳಿಯಲೇಬೇಕು ಅಂತ ದೇಹದಲ್ಲಿ ನಿಯಮವೇನಿಲ್ಲ. b ಎಂಬುದು ದೇಹದ ಒಂದು ಅಂಗದ, ಒಂದು ಕೆಲಸದ ಅಳತೆ ಅಲ್ಲ ಎಂಬುದಕ್ಕೆ ಇದು ಮೊದಲ ಸುಳಿವು.

ಈಗ ಆ 6.4 ಕ್ಕೆ ವಾಪಸು ಬರೋಣ. ಮಟ್ಟ ಗೊತ್ತಿದ್ದು ಸಮಯ ಕಂಡುಹಿಡಿಯಬೇಕು ಎಂದಾದರೆ 16t/(t² + 1) = 6.4 ಬಿಡಿಸಬೇಕು. ಅಡ್ಡ ಗುಣಾಕಾರ ಮಾಡಿದರೆ 6.4t² − 16t + 6.4 = 0, ಒಂದು ವರ್ಗ ಸಮೀಕರಣ. ಅದರ ಎರಡು ಮೂಲಗಳು 0.5 ಮತ್ತು 2. ಯಾವ ಮಟ್ಟ ಹಾಕಿದರೂ ಎರಡು ಮೂಲಗಳ ಗುಣಲಬ್ಧ b ಯೇ ಬರುತ್ತದೆ. ಹಾಗಾಗಿ ಕಾಲು ಗಂಟೆಯ ಮಟ್ಟವೂ ನಾಲ್ಕು ಗಂಟೆಯ ಮಟ್ಟವೂ ಒಂದೇ, ಎರಡೂ 3.76. ಏರುವುದಕ್ಕೆ ಮುಕ್ಕಾಲು ಗಂಟೆ ಹಿಡಿದದ್ದನ್ನು ಇಳಿಯಲು ಮೂರು ಗಂಟೆ ಬೇಕು. ಶಿಖರಕ್ಕಿಂತ ಎಷ್ಟು ಪಟ್ಟು ಮುಂಚೆಯೋ ಅಷ್ಟೇ ಪಟ್ಟು ಆಮೇಲೆ, ಇದು ಈ ವಕ್ರರೇಖೆಯ ಹುಟ್ಟುಗುಣ.

ಎರಡು ಮೂಲಗಳ ಈ ಗೊಂದಲ ಆಸ್ಪತ್ರೆಯಲ್ಲಿ ಪ್ರಾಣದ ಪ್ರಶ್ನೆಯಾಗುತ್ತದೆ. ಒಂದೇ ಸಲಕ್ಕೆ ರಾಶಿ ಪ್ಯಾರಾಸಿಟಮಾಲ್ ನುಂಗಿ ಬಂದವರ ಯಕೃತ್ತು ಕೆಡುವ ಅಪಾಯ ಎಷ್ಟಿದೆ ಎಂದು ವೈದ್ಯರು ನೋಡುವುದು ರುಮ್ಯಾಕ್ ಮತ್ತು ಮ್ಯಾಥ್ಯೂ 1975ರಲ್ಲಿ ಪ್ರಕಟಿಸಿದ ನಕ್ಷೆಯ ಮೇಲೆ. ಅಡ್ಡಗೆರೆಯಲ್ಲಿ ನುಂಗಿದ ಮೇಲಿನ ಗಂಟೆಗಳು, ಲಂಬಗೆರೆಯಲ್ಲಿ ರಕ್ತದ ಮಟ್ಟ, ನಡುವೆ ಓರೆಯಾಗಿ ಇಳಿಯುವ ಒಂದು ಗೆರೆ. ರೋಗಿಯ ಚುಕ್ಕೆ ಗೆರೆಯ ಮೇಲೋ ಅದಕ್ಕಿಂತ ಎತ್ತರದಲ್ಲೋ ಇದ್ದರೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷ ಶುರು. ಆ ಗೆರೆ ಸೊನ್ನೆ ಗಂಟೆಯಿಂದ ಶುರುವಾಗುವುದೇ ಇಲ್ಲ, ನಾಲ್ಕನೇ ಗಂಟೆಯಿಂದ ಶುರು. ಅದಕ್ಕೂ ಮುಂಚೆ ತೆಗೆದ ರಕ್ತದಲ್ಲಿ ಮಟ್ಟ ಕಡಿಮೆ ಕಂಡರೆ ಅದು ಇಳಿಯುತ್ತಿರುವ ಕಡಿಮೆಯೋ, ಇನ್ನೂ ಏರಲಿರುವ ಕಡಿಮೆಯೋ ಹೇಳುವ ಹಾಗಿಲ್ಲ. ನಾಲ್ಕು ಗಂಟೆ ಕಾದರೆ ಸಾಮಾನ್ಯ ಮಾತ್ರೆಯ ಹೀರಿಕೆ ಮುಗಿದಿರುತ್ತದೆ, ಎರಡು ಮೂಲಗಳಲ್ಲಿ ಚಿಕ್ಕದನ್ನು ಧೈರ್ಯವಾಗಿ ಹೊಡೆದುಹಾಕಬಹುದು. ರಕ್ತ ತೆಗೆಯಲು ಅಷ್ಟು ಹೊತ್ತು ಕಾಯುವುದು ಇದಕ್ಕೆ. ಆಸ್ಪತ್ರೆಗೆ ಬರಲು ಕಾಯಬೇಕು ಅಂತಲ್ಲ, ಅದನ್ನು ದಯವಿಟ್ಟು ಬೆರೆಸಿಕೊಳ್ಳಬೇಡಿ.

ಇನ್ನು ಇಳಿಜಾರು. ಶಿಖರ ದಾಟಿದ ಕೂಡಲೇ ಮಟ್ಟ ನಿಧಾನವಾಗಿ ಇಳಿಯತೊಡಗಿ, ವೇಗ ಹೆಚ್ಚಿಸಿಕೊಂಡು, ಆಮೇಲೆ ಮತ್ತೆ ಮಂದವಾಗುತ್ತದೆ. ಅತಿ ಕಡಿದಾಗಿ ಇಳಿಯುವ ಜಾಗ t = √(3b), ಅಂದರೆ ಶಿಖರದ ಸಮಯದ 1.73 ಪಟ್ಟು. ನಮ್ಮ ಲೆಕ್ಕದಲ್ಲಿ ಅದು ಒಂದು ಗಂಟೆ 44 ನಿಮಿಷ, ಆಗ ಮಟ್ಟ ಗಂಟೆಗೆ 2 ಮಿಲಿಗ್ರಾಂನಂತೆ ಇಳಿಯುತ್ತಿರುತ್ತದೆ. ನಾಲ್ಕನೇ ಗಂಟೆಗೆ ಈ ವೇಗ 0.83, ಎಂಟನೇ ಗಂಟೆಗೆ ಬರೀ 0.24. ಇಲ್ಲಿಂದ ಮುಂದೆ ವಕ್ರರೇಖೆ ಬಹುತೇಕ 16/t.

ಇಲ್ಲಿಯವರೆಗೆ ಎಲ್ಲ ಚೆನ್ನ. ಗಣಿತ ಪುಸ್ತಕವೂ ಸಾಮಾನ್ಯವಾಗಿ ಇಲ್ಲಿಗೇ ಲೆಕ್ಕ ನಿಲ್ಲಿಸುತ್ತದೆ. ಆದರೆ ಔಷಧಶಾಸ್ತ್ರ ಓದಿದವರಿಗೆ ಈ ಬಾಲ ನೋಡಿದ ಕೂಡಲೇ ಕಸಿವಿಸಿ ಆಗುತ್ತದೆ, ಆಗಬೇಕು ಕೂಡ.

ಸಾಮಾನ್ಯ ಪ್ರಮಾಣದಲ್ಲಿ ಯಕೃತ್ತು ಪ್ಯಾರಾಸಿಟಮಾಲನ್ನು ತೆಗೆಯುವ ಕ್ರಮ ಸರಳ: ಇರುವುದರಲ್ಲಿ ಇಂತಿಷ್ಟು ಪಾಲು, ಪ್ರತಿ ಗಂಟೆಗೂ ಅದೇ ಪಾಲು. ಆರೋಗ್ಯವಂತರಲ್ಲಿ ಸುಮಾರು ಎರಡರಿಂದ ಮೂರು ಗಂಟೆಗೊಮ್ಮೆ ಮಟ್ಟ ಅರ್ಧವಾಗುತ್ತದೆ. ಇದಕ್ಕೆ ಅರ್ಧಾಯು ಅನ್ನುತ್ತಾರೆ. ಎರಡೂವರೆ ಗಂಟೆ ಹಿಡಿದರೆ ಯಾವುದೇ ಕ್ಷಣದಲ್ಲಿ ಇಳಿಕೆಯ ವೇಗ ಗಂಟೆಗೆ ಸುಮಾರು 28%. ನಮ್ಮ ಸೂತ್ರದಲ್ಲಿ ನಾಲ್ಕನೇ ಗಂಟೆಗೆ ಈ ವೇಗ 22%, ಹತ್ತನೇ ಗಂಟೆಗೆ 10%, ಆಮೇಲೆ ಇನ್ನೂ ಕಡಿಮೆ. ಹೊತ್ತು ಹೋದಂತೆ ಯಕೃತ್ತಿಗೆ ಸೋಮಾರಿತನ ಬಂತು ಅಂದ ಹಾಗಾಯಿತು. ಯಕೃತ್ತು ಗಡಿಯಾರ ನೋಡಿಕೊಂಡು ಕೆಲಸ ಮಾಡುವುದಿಲ್ಲ. ಮಾತ್ರೆ ಎಷ್ಟು ಗಂಟೆ ಹಿಂದಿನದು ಅನ್ನುವುದು ಅದಕ್ಕೆ ಗೊತ್ತೇ ಇಲ್ಲ, ಎದುರಿಗೆ ಹರಿದು ಬರುವ ರಕ್ತದಲ್ಲಿ ಈಗ ಎಷ್ಟಿದೆ ಅನ್ನುವುದಷ್ಟೇ ಅದಕ್ಕೆ ಲೆಕ್ಕ.

ಔಷಧಶಾಸ್ತ್ರದವರು ಬಳಸುವ ಸೂತ್ರ ಎರಡು ಘಾತೀಯ ಪದಗಳ ವ್ಯತ್ಯಾಸ: ಒಂದು ಹೊರಹೋಗುವುದಕ್ಕೆ, ಇನ್ನೊಂದು ಒಳಬರುವುದಕ್ಕೆ. ಅರ್ಧಾಯು 2.5 ಗಂಟೆ, ಶಿಖರ ಒಂದು ಗಂಟೆಗೆ, ಎತ್ತರ 8 ಎಂದು ಅದನ್ನೂ ಹೊಂದಿಸಿ ಪಕ್ಕದಲ್ಲಿಟ್ಟರೆ ಹೀಗೆ ಕಾಣುತ್ತದೆ:

```
ಗಂಟೆ    16t/(t²+1)    ಘಾತೀಯ
0.5      6.4           6.9
1        8.0           8.0
2        6.4           6.7
4        3.8           3.9
8        2.0           1.3
12       1.3           0.43
24       0.67          0.015
```

ಮೊದಲ ನಾಲ್ಕು ಗಂಟೆ ಎರಡೂ ಅಣ್ಣತಮ್ಮಂದಿರಂತಿವೆ. ಮೊದಲ ಸಲ ಈ ಪಟ್ಟಿ ಮಾಡಿದಾಗ ಇಷ್ಟು ಹತ್ತಿರ ಬರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಎಂಟನೇ ಗಂಟೆಯಿಂದ ದಾರಿ ಬೇರೆ. ಮರುದಿನ ಬೆಳಿಗ್ಗೆ ಅದೇ ಹೊತ್ತಿಗೆ ರ್ಯಾಷನಲ್ ಸೂತ್ರ ಹೇಳುವ ಮಟ್ಟ ಘಾತೀಯ ಸೂತ್ರ ಹೇಳುವುದಕ್ಕಿಂತ ನಲವತ್ತು ಪಟ್ಟಿಗೂ ಹೆಚ್ಚು. “ನಿಧಾನ ಇಳಿಕೆ” ಅಂತ ನಾವು ಬೋರ್ಡಿನ ಮೇಲೆ ಬರೆಯುವುದು ಮಾತ್ರೆಯ ಗುಣ ಅಲ್ಲ, ಬಹುತೇಕ ಸೂತ್ರದ ಗುಣ.

ಒಂದೇ ಮಾತ್ರೆಯಾದರೆ ಈ ಬಾಲದ ತಪ್ಪು ಯಾರಿಗೂ ತೊಂದರೆ ಕೊಡುವುದಿಲ್ಲ, 0.67 ಕೂಡ ಸಣ್ಣದೇ. ಆರು ಗಂಟೆಗೊಂದರಂತೆ ಮಾತ್ರೆ ನುಂಗುತ್ತಾ ಹೋದಾಗ ನೋಡಿ. ಪ್ರತಿ ಮಾತ್ರೆಯ ಬಾಲವೂ ಮುಂದಿನದರ ಮೇಲೆ ಸೇರಿಕೊಳ್ಳುತ್ತದೆ. ಘಾತೀಯ ಲೆಕ್ಕದಲ್ಲಿ ಆರು ಗಂಟೆಗೆ ಉಳಿಯುವ ಪಾಲು ಸುಮಾರು 19%, ಅದರ ಮುಂದಿನ ಆರು ಗಂಟೆಗೆ ಆ 19% ರ 19%. ಇದು ಗುಣೋತ್ತರ ಶ್ರೇಢಿ, ಬೇಗ ನಿಲ್ಲುತ್ತದೆ. ಒಂದು ಮಾತ್ರೆ ನುಂಗಿ ಆರು ಗಂಟೆಗೆ 2.3 ಇದ್ದದ್ದು, ಎರಡು ದಿನ ನುಂಗಿದ ಮೇಲೂ 2.8 ರ ಹತ್ತಿರ ನಿಂತುಬಿಡುತ್ತದೆ, ಆಮೇಲೆ ಎಷ್ಟು ದಿನ ಮುಂದುವರಿಸಿದರೂ ಅಷ್ಟೇ.

ರ್ಯಾಷನಲ್ ಸೂತ್ರದಲ್ಲಿ ಹಳೆಯ ಮಾತ್ರೆಗಳು ಬಿಟ್ಟುಹೋದದ್ದು ಹೆಚ್ಚುಕಡಿಮೆ 16/6, 16/12, 16/18, 16/24… 16/6 ಅನ್ನು ಹೊರಗೆ ತೆಗೆದರೆ ಒಳಗೆ ಉಳಿಯುವುದು 1 + 1/2 + 1/3 + 1/4 + … ಗಣಿತ ಓದಿದವರಿಗೆ ಈ ಸಾಲು ಹಳೆಯ ಪರಿಚಯ: ಆಮೆಯ ನಡಿಗೆಯಲ್ಲಿ ಬೆಳೆಯುತ್ತದೆ, ಆದರೆ ಎಲ್ಲೂ ನಿಲ್ಲುವುದಿಲ್ಲ. ಹತ್ತನೇ ಮಾತ್ರೆಯ ಆರು ಗಂಟೆಯ ನಂತರ 7.7, ಇಪ್ಪತ್ತನೆಯದಕ್ಕೆ 9.5, ನಲವತ್ತನೆಯದಕ್ಕೆ 11.3. ಹತ್ತು ದಿನ ಕ್ರಮವಾಗಿ ನುಂಗಿದವರ ಅತಿ ಕಡಿಮೆ ಮಟ್ಟ, ಮೊದಲ ಮಾತ್ರೆಯ ಶಿಖರಕ್ಕಿಂತ ಮೇಲೆ! ಹೀಗೆ ಆಗುವುದಿಲ್ಲ. ಇದೇ ತಪ್ಪು ಇನ್ನೊಂದು ಕಡೆಯಿಂದಲೂ ಕಾಣುತ್ತದೆ: ಈ ವಕ್ರರೇಖೆಯ ಕೆಳಗಿನ ವಿಸ್ತೀರ್ಣ ಕಾಲ ಎರಡರಷ್ಟಾದಾಗಲೆಲ್ಲ ಹೆಚ್ಚುಕಡಿಮೆ 11 ರಂತೆ ಏರುತ್ತಲೇ ಇರುತ್ತದೆ. ದೇಹ ಹೊರಹಾಕಿದ ಒಟ್ಟು ಔಷಧ ಆ ವಿಸ್ತೀರ್ಣಕ್ಕೆ ಅನುಪಾತದಲ್ಲಿರುತ್ತದೆ. ಹಾಗಾದರೆ 650 ಮಿಲಿಗ್ರಾಂ ನುಂಗಿದವರು ಕೊನೆಗೆ ಎಷ್ಟೋ ಕಿಲೋ ಹೊರಹಾಕಿರಬೇಕು.

ಬಾಲ ಕೆಟ್ಟದ್ದು, ತಲೆ ಒಳ್ಳೆಯದು ಅಂತ ಹೇಳಿ ಮುಗಿಸಬಹುದಿತ್ತು. ಆದರೆ ತಲೆಯೂ ಎಲ್ಲ ಔಷಧಕ್ಕೂ ಹೊಂದುವುದಿಲ್ಲ. ಹೊಂದುತ್ತದೆಯೇ ಅಂತ ನೋಡಲು ಒಂದು ಸುಲಭದ ಪರೀಕ್ಷೆ ಸೂತ್ರದಲ್ಲೇ ಇದೆ. ಮಟ್ಟ ಶಿಖರದ ಅರ್ಧಕ್ಕೆ ಇಳಿಯುವುದು ಯಾವಾಗ? at/(t² + b) ಯನ್ನು a/(4√b) ಗೆ ಸಮ ಮಾಡಿ ಬಿಡಿಸಿದರೆ t² − 4√b·t + b = 0, ಮೂಲಗಳು √b(2 ± √3). ದೊಡ್ಡ ಮೂಲ ಶಿಖರದ ಸಮಯದ 3.73 ಪಟ್ಟು. a ಎಷ್ಟೇ ಇರಲಿ, b ಎಷ್ಟೇ ಇರಲಿ, 3.73 ತಪ್ಪುವುದಿಲ್ಲ. ಶಿಖರದ ಸಮಯ ಹೇಳಿಬಿಟ್ಟರೆ ಇಳಿಯುವ ವೇಗದ ಬಗ್ಗೆ ಸೂತ್ರಕ್ಕೆ ಇನ್ನು ಯಾವ ಸ್ವಾತಂತ್ರ್ಯವೂ ಇಲ್ಲ. ಪ್ಯಾರಾಸಿಟಮಾಲ್‌ಗೆ ಇದು ಅದೃಷ್ಟಕ್ಕೆ ಸರಿಹೋಗುತ್ತದೆ: ಒಂದು ಗಂಟೆಗೆ ಶಿಖರ, 3.7 ಗಂಟೆಗೆ ಅರ್ಧ.

ಥಿಯೋಫಿಲಿನ್ ತೆಗೆದುಕೊಳ್ಳಿ, ಉಬ್ಬಸಕ್ಕೆ ಕೊಡುತ್ತಿದ್ದ ಹಳೆಯ ಔಷಧ. R ತಂತ್ರಾಂಶ ಹಾಕಿಕೊಂಡಿರುವವರು `Theoph` ಎಂದು ಟೈಪ್ ಮಾಡಿದರೆ ಹನ್ನೆರಡು ಜನರ ರಕ್ತದಲ್ಲಿ ಒಂದು ದಿನದುದ್ದಕ್ಕೂ ಅಳೆದ ಮಟ್ಟಗಳು ತೆರೆಯ ಮೇಲೆ ಬರುತ್ತವೆ. ಮೊದಲನೆಯ ವ್ಯಕ್ತಿಯಲ್ಲಿ ಅಳೆದ ಅತಿ ಹೆಚ್ಚಿನ ಮಟ್ಟ 10.5, ಅದು 1.12ನೇ ಗಂಟೆಯಲ್ಲಿ. ನಮ್ಮ ಸೂತ್ರದ ಪ್ರಕಾರ 1.12 ರ 3.73 ಪಟ್ಟು, ಅಂದರೆ 4.2 ಗಂಟೆಗೆ ಮಟ್ಟ 5.25 ಕ್ಕೆ ಇಳಿದಿರಬೇಕು. ನಿಜವಾಗಿ 5.1 ಗಂಟೆಗೆ ಇನ್ನೂ 8.36 ಇದೆ, 12.12 ಗಂಟೆಗೂ 5.94. ಪ್ಯಾರಾಸಿಟಮಾಲ್‌ನಲ್ಲಿ ಸೂತ್ರ ಕೊನೆಗೆ ತೀರಾ ನಿಧಾನ ಅಂತ ದೂರಿದ್ದೆವು, ಇಲ್ಲಿ ಅದು ತೀರಾ ಅವಸರದ್ದು.

ಈಗ ನಾನು ಈ ಲೆಕ್ಕ ಕೊಡುವಾಗ ಶಿಖರದ ಸಮಯ ಕಂಡುಹಿಡಿಯಿರಿ ಎಂಬುದರ ಕೆಳಗೆ ಇನ್ನೊಂದು ಉಪಪ್ರಶ್ನೆ ಸೇರಿಸುತ್ತೇನೆ: ಮಟ್ಟ ಶಿಖರದ ಅರ್ಧಕ್ಕೆ ಎಷ್ಟು ಗಂಟೆಗೆ ಇಳಿಯುತ್ತದೆ? a, b ಬದಲಿಸಿ ಒಬ್ಬೊಬ್ಬರಿಗೆ ಒಂದೊಂದು ಸೂತ್ರ ಕೊಟ್ಟರೆ, ಎರಡನೇ ಉತ್ತರವನ್ನು ಮೊದಲನೆಯದರಿಂದ ಭಾಗಿಸಿದಾಗ ಎಲ್ಲರ ನೋಟ್‌ಬುಕ್ಕಿನಲ್ಲೂ ಒಂದೇ ಸಂಖ್ಯೆ ಬರುತ್ತದೆ. ಪಕ್ಕದವನದು ನೋಡಿ ಬರೆದೆ ಅಂತ ನಾನು ಬೈಯುತ್ತೇನೇನೋ ಎಂದು ಕೆಲವರು ಅದನ್ನು ಅಳಿಸಿಬಿಡುತ್ತಾರೆ.